ಎಣಿಕೆ ಮುಗಿಯುವವರೆಗೆ ಮಾಲು ಕದಲುವಂತಿಲ್ಲ

ಮಾರ್ಚ್ ಕೊನೆಯ ವಾರ ಬಂತೆಂದರೆ ಅನೇಕ ಗೋದಾಮುಗಳ ಸೂಚನಾ ಫಲಕದಲ್ಲಿ ಸೂಪರ್‌ವೈಸರ್ ಸಹಿ ಹಾಕಿದ ಒಂದು ನೋಟಿಸು ಕಾಣಿಸಿಕೊಳ್ಳುತ್ತದೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಲೆಕ್ಕದಲ್ಲಿರುವ ದಾಸ್ತಾನು ರ್‍ಯಾಕಿನಲ್ಲೂ ಇದೆಯೇ ಎಂದು ಅಷ್ಟರಲ್ಲಿ ಎಣಿಸಿ ನೋಡಬೇಕು. ಎಣಿಕೆಯ ದಿನ, ಹೊತ್ತು, ಯಾವ ಸಾಲಿಗೆ ಯಾರು ಎಂಬುದೆಲ್ಲ ನೋಟಿಸಿನಲ್ಲಿರುತ್ತದೆ. ಆದರೆ ಅದರ ಜೀವಾಳ ಒಂದೇ ನಿಯಮ: ಎಣಿಕೆ ಮುಗಿಯುವವರೆಗೆ ಮಾಲು ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ.

ಈ ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸೋಪಿನ ಪೆಟ್ಟಿಗೆಗಳ ಒಂದು ಉದಾಹರಣೆ ಸಾಕು. ಕಂಪ್ಯೂಟರಿನಲ್ಲಿ 412 ಪೆಟ್ಟಿಗೆ ಇದೆ. ಹಿಂದಿನ ಸಂಜೆ 24 ಪೆಟ್ಟಿಗೆ ಲಾರಿ ಹತ್ತಿದೆ, ಆದರೆ ಅದರ ಚಲನ್ ಇನ್ನೂ ಲೆಕ್ಕಕ್ಕೆ ಏರಿಲ್ಲ. ಎಣಿಸಿದಾಗ ಸಿಗುವುದು 388. ಕೊರತೆ ಎಂದು ತಿಳಿದು ಲೆಕ್ಕವನ್ನು 388ಕ್ಕೆ ಇಳಿಸಲಾಗುತ್ತದೆ. ಎರಡು ದಿನ ಬಿಟ್ಟು ಆ ಹಳೆಯ ಚಲನ್ ದಾಖಲಾದಾಗ ಲೆಕ್ಕ 364ಕ್ಕೆ ಕುಸಿಯುತ್ತದೆ. ರ್‍ಯಾಕಿನಲ್ಲಿ ಮಾತ್ರ 388 ಹಾಗೇ ಇರುತ್ತದೆ. ಇಲ್ಲದ ಕೊರತೆಯೊಂದು ಹುಟ್ಟಿ, ಅದರ ಬೆನ್ನಿಗೇ ಇಲ್ಲದ ಹೆಚ್ಚುವರಿಯೂ ಹುಟ್ಟಿತು. ಆದ್ದರಿಂದಲೇ ಎಣಿಕೆಗೆ ಮೊದಲು ಕೊನೆಯ ಒಳಬರುವ ರಸೀದಿಯ ಸಂಖ್ಯೆಯನ್ನೂ ಕೊನೆಯ ಚಲನ್ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ಅಲ್ಲಿಯವರೆಗಿನದೆಲ್ಲ ಲೆಕ್ಕಕ್ಕೆ ಏರಿದೆಯೇ ಎಂದು ನೋಡುತ್ತಾರೆ. ತಡೆಯಲಾಗದೆ ಬಂದ ಲಾರಿಯ ಮಾಲನ್ನು ಬೇರೆ ಕಡೆ ಇಳಿಸಿ, ‘ಎಣಿಸಬೇಡಿ’ ಎಂಬ ಚೀಟಿ ಅಂಟಿಸುತ್ತಾರೆ.

ಉಳಿದ ನಿಯಮಗಳು ಎಣಿಸುವವರಿಗೆ ಸಂಬಂಧಿಸಿದವು. ಇಬ್ಬರ ಜೋಡಿಯಲ್ಲಿ ಒಬ್ಬರು ಎಣಿಸಿ ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಅವರ ಕೈಗೆ ಕೊಡುವ ಹಾಳೆಯಲ್ಲಿ ಮಾಲಿನ ಹೆಸರು, ಜಾಗ ಮಾತ್ರ ಇರುತ್ತವೆ. ಲೆಕ್ಕದ ಸಂಖ್ಯೆ ಇರುವುದಿಲ್ಲ. 412 ಎಂದು ಮೊದಲೇ ಗೊತ್ತಿದ್ದರೆ ದಣಿದ ಕಣ್ಣು 412 ಅನ್ನೇ ಕಾಣುತ್ತದೆ. ಎಣಿಸಿದ ಜಾಗಕ್ಕೆ ಕೂಡಲೇ ಚೀಟಿ ಅಂಟಿಸಬೇಕು, ಇಲ್ಲದಿದ್ದರೆ ಒಂದೇ ಸಾಲು ಎರಡು ಸಲ ಎಣಿಕೆಯಾಗುತ್ತದೆ. ಪೆಟ್ಟಿಗೆಯೋ ಬಿಡಿಯೋ ಎಂಬುದನ್ನು ಬರೆಯಲೇಬೇಕು: ಬರೀ ‘12’ ಎಂದರೆ ಹನ್ನೆರಡು ಸೋಪೋ ಹನ್ನೆರಡು ಪೆಟ್ಟಿಗೆಯೋ ತಿಳಿಯದು. ಬಾಯಿ ತೆರೆದ ಪೆಟ್ಟಿಗೆಯನ್ನು ಬಿಚ್ಚಿಯೇ ಎಣಿಸಬೇಕು. ಒಡೆದ, ಅವಧಿ ಮೀರಿದ ಮಾಲಿಗೆ ಬೇರೆ ಹಾಳೆ. ತಪ್ಪು ಬರೆದರೆ ವೈಟ್ನರ್ ಹಚ್ಚದೆ, ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಸಂಖ್ಯೆ ಬರೆದು ಸಹಿ ಹಾಕಬೇಕು. ಕ್ರಮಸಂಖ್ಯೆಯಿರುವ ಹಾಳೆಗಳೆಲ್ಲ, ಖಾಲಿ ಉಳಿದವೂ ಸೇರಿ, ವಾಪಸು ಬರಬೇಕು.

ಲೆಕ್ಕಕ್ಕೂ ಎಣಿಕೆಗೂ ತಾಳೆಯಾಗದಿದ್ದರೆ ಬೇರೊಂದು ಜೋಡಿ ಮತ್ತೆ ಎಣಿಸುತ್ತದೆ. ಆಗಲೂ ವ್ಯತ್ಯಾಸ ಉಳಿದರೆ ಚಲನ್‌ಗಳನ್ನು, ಪಕ್ಕದ ರ್‍ಯಾಕುಗಳನ್ನು ಹುಡುಕುತ್ತಾರೆ. ಕೊರತೆಯನ್ನು ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ. ಕಳೆದುಹೋದ ಮಾಲಿನ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ಉಳಿದ ವ್ಯತ್ಯಾಸಕ್ಕೆ ಕಾರಣ ಬರೆದು, ಮೇಲಿನವರ ಒಪ್ಪಿಗೆ ಪಡೆದು ಲೆಕ್ಕ ತಿದ್ದುತ್ತಾರೆ. ಹಾಳೆಗಳೆಲ್ಲ ಕೈಸೇರಿ ಸೂಪರ್‌ವೈಸರ್ ಹೇಳಿದ ಮೇಲಷ್ಟೇ ಲಾರಿಗಳಿಗೆ ಗೇಟು ತೆರೆಯುತ್ತದೆ.