ಫಾರ್ಮ್ ತೆರೆಯುವ ಮೊದಲು ಒಂದು ಹಾಳೆ

ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಒಬ್ಬರಿದ್ದಾರೆ ಅಂದುಕೊಳ್ಳಿ. ಹದಿನೈದು ವರ್ಷದ ಹಿಂದೆ ದಾವಣಗೆರೆಯ ಯಾವುದೋ ಸೈಬರ್ ಸೆಂಟರ್‌ನಲ್ಲಿ ಅವರ ಹೆಸರಿಗೊಂದು ಹಾಟ್‌ಮೇಲ್ ಖಾತೆ ತೆರೆಯಲಾಯಿತು. ಕೊಟೇಷನ್, ಬಿಲ್ಲು, ಆಡಿಟರ್ ಜತೆಗಿನ ವ್ಯವಹಾರ ಎಲ್ಲ ಅದರಲ್ಲೇ. ಈಗ ಪಾಸ್‌ವರ್ಡ್ ಮರೆತಿದೆ. ಖಾತೆಗೆ ಕೊಟ್ಟಿದ್ದ ಸಿಮ್ ಎಂದೋ ಬಂದ್ ಆಗಿದೆ, ಹಾಗಾಗಿ ಒಟಿಪಿ ಬರುವ ದಾರಿಯಿಲ್ಲ. ಉಳಿದಿರುವುದು ಮೈಕ್ರೋಸಾಫ್ಟ್‌ನ ಮರುಪಡೆಯುವ ಫಾರ್ಮ್ ಒಂದೇ: `account.live.com/acsr`. (ಹಾಟ್‌ಮೇಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಶಾಲೆ ಓದಿದವರು. 1996ರಲ್ಲಿ ಶುರುವಾದ ಅದನ್ನು ಮರುವರ್ಷವೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು.)

ಸಾಮಾನ್ಯವಾಗಿ ಜನ ಈ ಫಾರ್ಮನ್ನು ತೆರೆದು, ನೆನಪಿಗೆ ಬಂದಷ್ಟು ತುಂಬಿ, ಕಳಿಸಿಬಿಡುತ್ತಾರೆ. ಮಾಹಿತಿ ಸಾಲದು ಎಂಬ ಉತ್ತರ ಬರುತ್ತದೆ. ಮತ್ತೆ ಅದನ್ನೇ ತುಂಬುತ್ತಾರೆ, ಮತ್ತೆ ಅದೇ ಉತ್ತರ. ಅತ್ತ ಕಡೆ ಯಾರೋ ಅಧಿಕಾರಿ ಕೂತು ಅರ್ಜಿ ಓದುತ್ತಿದ್ದಾರೆ ಎಂಬ ಕಲ್ಪನೆಯೇ ಇದಕ್ಕೆ ಕಾರಣ ಇರಬೇಕು. ಅಲ್ಲಿರುವುದು ಹೋಲಿಸಿ ನೋಡುವ ವ್ಯವಸ್ಥೆ. ನೀವು ಬರೆದದ್ದನ್ನು ಖಾತೆಯೊಳಗಿನ ದಾಖಲೆಯೊಂದಿಗೆ ಇಟ್ಟು ನೋಡುತ್ತದೆ. ಹೆಸರು, ಊರು ಸರಿಹೊಂದಿದರೆ ಅದಕ್ಕೆ ಹೆಚ್ಚು ತೂಕವಿಲ್ಲ, ಏಕೆಂದರೆ ಅವು ಪಕ್ಕದ ಅಂಗಡಿಯವರಿಗೂ ಗೊತ್ತು. ಹೋದ ತಿಂಗಳು ಕಳಿಸಿದ ಪತ್ರದ ಶೀರ್ಷಿಕೆ ಅಕ್ಷರಶಃ ಸರಿಹೊಂದಿದರೆ ಅದಕ್ಕೆ ಬಹಳ ತೂಕ; ಹೊರಗಿನವರು ಅದನ್ನು ಊಹಿಸಿ ಬರೆಯುವುದು ಹೆಚ್ಚುಕಡಿಮೆ ಅಸಾಧ್ಯ. ಪರರಿಗೆ ಗೊತ್ತಿರುವ ಸಂಭವ ಎಷ್ಟು ಕಡಿಮೆಯೋ ಉತ್ತರಕ್ಕೆ ಅಷ್ಟು ಬೆಲೆ. ಆದ್ದರಿಂದ ಫಾರ್ಮ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಇಂಥ ಬೆಲೆಯ ವಿವರಗಳನ್ನು ಹುಡುಕಿ ಬರೆದುಕೊಳ್ಳುವುದೇ ನಿಜವಾದ ಕೆಲಸ.

ನಮ್ಮ ವರ್ಕ್‌ಶಾಪಿನವರು ಮೊದಲು ನೋಡಬೇಕಾದದ್ದು ಹಳೆಯ ಫೋನು ಮತ್ತು ಅಂಗಡಿಯ ಕಂಪ್ಯೂಟರು. ಪಾಸ್‌ವರ್ಡ್ ಕೆಲಸ ಮಾಡದಿದ್ದರೂ ಮೇಲ್ ಆ್ಯಪ್‌ನಲ್ಲಿ ಹಿಂದೆ ಇಳಿಸಿಕೊಂಡ ಪತ್ರಗಳು ಎಷ್ಟೋ ಸಲ ಹಾಗೇ ಉಳಿದಿರುತ್ತವೆ. ಇಂಟರ್ನೆಟ್ ಆಫ್ ಮಾಡಿ ಆ್ಯಪ್ ತೆರೆದರೆ Sent ಫೋಲ್ಡರ್ ಕಾಣಿಸಬಹುದು. ಕಂಡರೆ ಅರ್ಧ ಕೆಲಸ ಮುಗಿದಂತೆ: ಇತ್ತೀಚೆಗೆ ಯಾರಿಗೆ ಬರೆದದ್ದು, ಶೀರ್ಷಿಕೆ ಏನು, ತಾವೇ ಮಾಡಿಕೊಂಡ ಫೋಲ್ಡರ್‌ಗಳ ಹೆಸರೇನು, ಈ ಮೂರನ್ನೂ ಫಾರ್ಮ್ ಕೇಳುತ್ತದೆ.

ಕಾಣದಿದ್ದರೆ ಪತ್ರ ಪಡೆದವರ ಬಳಿ ಹೋಗಬೇಕು. ಇಲ್ಲೊಂದು ತಪ್ಪು ಬಹಳ ಸಾಮಾನ್ಯ. ಸಂಪರ್ಕದಲ್ಲಿರುವವರು ಯಾರು ಎಂದು ಕೇಳಿದ ಕೂಡಲೇ ಜನ ಹೆಂಡತಿ, ತಮ್ಮ, ಜೀವದ ಗೆಳೆಯ ಎಂದು ಬರೆಯುತ್ತಾರೆ. ಅವರ ಜತೆ ನಡೆಯುವುದು ವಾಟ್ಸಾಪು. ಈ ಖಾತೆಯಿಂದ ಅವರಿಗೆ ಒಂದು ಪತ್ರವೂ ಹೋಗಿರುವುದಿಲ್ಲ. ಫಾರ್ಮಿಗೆ ಬೇಕಾದದ್ದು ನೀವು ಪತ್ರ ಕಳಿಸಿದ ವಿಳಾಸಗಳು: ದಾವಣಗೆರೆಯ ಆಡಿಟರ್, ಬ್ಯಾಂಕಿನ ಸಾಲ ವಿಭಾಗ, ಬುಷ್ ಆರ್ಡರ್ ಕೊಡುವ ಕಾರ್ಖಾನೆಯ ಖರೀದಿ ವಿಭಾಗ. ಆಡಿಟರ್ ಕಚೇರಿಯ ಹುಡುಗನಿಗೆ ಫೋನ್ ಮಾಡಿ, ಅವರ ಜಿಮೇಲ್‌ನ ಹುಡುಕುವ ಜಾಗದಲ್ಲಿ `from:` ಎಂದು ಹಾಕಿ ಪಕ್ಕದಲ್ಲೇ ವರ್ಕ್‌ಶಾಪಿನವರ ವಿಳಾಸ ಟೈಪ್ ಮಾಡಲು ಹೇಳಿದರೆ ಇವರು ಕಳಿಸಿದ್ದೆಲ್ಲ ಸಾಲಾಗಿ ಬರುತ್ತದೆ. ಶೀರ್ಷಿಕೆಯನ್ನು ಬಾಯಲ್ಲಿ ಹೇಳಿಸಿಕೊಳ್ಳಬಾರದು, ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು. `Quotation for bush 20 nos` ಎಂದಿದ್ದದ್ದು ನೆನಪಿನಲ್ಲಿ ಬರೀ `Bush quotation` ಆಗಿಬಿಟ್ಟಿರುತ್ತದೆ.

ಹಳೆಯ ಪಾಸ್‌ವರ್ಡ್‌ಗಳಿಗೆ ಮನಸ್ಸಿಗಿಂತ ಬ್ರೌಸರ್ ವಾಸಿ. ಕ್ರೋಮ್‌ನಲ್ಲಿ `chrome://password-manager/passwords`, ಫೈರ್‌ಫಾಕ್ಸ್‌ನಲ್ಲಿ `about:logins` ಎಂದು ಹಾಕಿದರೆ ಉಳಿಸಿದ ಪಟ್ಟಿ ಬರುತ್ತದೆ. ಅಲ್ಲಿ ಈ ಖಾತೆಯದ್ದೇ ಇಲ್ಲದಿದ್ದರೂ ಬೇರೆ ತಾಣಗಳಿಗೆ ಇಟ್ಟ ಪಾಸ್‌ವರ್ಡ್‌ಗಳನ್ನು ನೋಡಿ ನಿಮ್ಮ ಚಾಳಿ ಏನೆಂದು ತಿಳಿಯಬಹುದು: ಮಗಳ ಹೆಸರು, ಕೊನೆಗೆ ಗಾಡಿ ನಂಬರ್, ನಡುವೆ ಒಂದು @. ಫೋನ್ ಕೀಬೋರ್ಡ್ ಕೆಲವೊಮ್ಮೆ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿರುತ್ತದೆ, ಅದನ್ನೂ ಪರೀಕ್ಷಿಸಿ.

ಹುಟ್ಟಿದ ದಿನಾಂಕದ ವಿಷಯದಲ್ಲಿ ನಮ್ಮ ಕಡೆಯ ತೊಡಕೇ ಬೇರೆ. ಕೇಳುತ್ತಿರುವುದು ನೀವು ನಿಜವಾಗಿ ಹುಟ್ಟಿದ ದಿನವಲ್ಲ, ಖಾತೆ ತೆರೆಯುವಾಗ ಬರೆಸಿದ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಇರಬಹುದು, ಸೈಬರ್ ಸೆಂಟರ್‌ನವನು ಅವಸರಕ್ಕೆ ಒತ್ತಿದ ಜನವರಿ 1 ಇರಬಹುದು. ಪಿನ್ ಕೋಡ್ ಕೂಡ ಹಾಗೇ: ಮನೆ ಹರಿಹರದ 577601ರಲ್ಲಿದ್ದರೂ ಸೆಂಟರ್‌ನವನು ದಾವಣಗೆರೆಯ 577001 ಹಾಕಿರಬಹುದು. ಹಳೆಯ ಖಾತೆಗಳ ಗುಟ್ಟಿನ ಪ್ರಶ್ನೆಗೆ ಹುಟ್ಟಿದೂರನ್ನು ಉತ್ತರವಾಗಿ ಕೊಟ್ಟಿದ್ದರೆ `Davangere`, `Davanagere` ಎರಡೂ ಚಾಲ್ತಿಯಲ್ಲಿರುವ ಬರಹಗಳೇ. ಒಂದು a ಹೆಚ್ಚಾದರೂ ಹೋಲಿಕೆ ತಪ್ಪೀತು.

ಇಂಥ ಗುಟ್ಟಿನ ಪ್ರಶ್ನೆಗಳ ಕಾಲ ಬಹುತೇಕ ಮುಗಿದಿದೆ. 2015ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ ಶೇ. 40ರಷ್ಟು ಮಂದಿಗೆ ಬೇಕಾದಾಗ ತಮ್ಮದೇ ಉತ್ತರ ನೆನಪಿಗೆ ಬರಲಿಲ್ಲ. ಇಷ್ಟದ ತಿಂಡಿ ಯಾವುದು ಎಂಬುದನ್ನೋ, ಹೊರಗಿನವನು ಒಂದೇ ಊಹೆಯಲ್ಲಿ ಸುಮಾರು ಶೇ. 20ರಷ್ಟು ಸಲ ಸರಿಯಾಗಿ ಹೇಳಬಹುದಿತ್ತು. ದಾವಣಗೆರೆಯವರನ್ನು ಈ ಪ್ರಶ್ನೆ ಕೇಳಿದರೆ ಬೆಣ್ಣೆದೋಸೆ ಅನ್ನುವುದಕ್ಕೆ ಸಂಶೋಧನೆಯೇ ಬೇಡ.

ಮರುಪಡೆಯಬೇಕಾದದ್ದು ಜಿಮೇಲ್ ಆಗಿದ್ದರೆ, ಖಾತೆ ತೆರೆದ ತಿಂಗಳು, ವರ್ಷ ಯಾವುದು ಎಂಬುದು ಗೂಗಲ್ ಹಿಂದೆ ಕೇಳುತ್ತಿದ್ದ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ, ಅದಕ್ಕೆ ಕಾರಣ ನಮ್ಮ ನೆನಪಿನ ಒಂದು ಗುಣ. ಹಳೆಯ ಘಟನೆಗಳು ನಮಗೆ ಇದ್ದದ್ದಕ್ಕಿಂತ ಹತ್ತಿರದಲ್ಲಿ ನಡೆದಂತೆ ಕಾಣುತ್ತವೆ. ದೂರದರ್ಶಕದಲ್ಲಿ ನೋಡಿದಂತಾಗುವ ಈ ದೋಷವನ್ನು ಮನಶ್ಶಾಸ್ತ್ರಜ್ಞರು ಟೆಲಿಸ್ಕೋಪಿಂಗ್ ಎನ್ನುತ್ತಾರೆ. ಎಲಿಜಬೆತ್ ಲಾಫ್ಟಸ್ ಮತ್ತು ವೆಸ್ಲಿ ಮಾರ್ಬರ್ಗರ್ 1983ರ ಅಧ್ಯಯನದಲ್ಲಿ, ಬರಿದೇ ಕಳೆದ ಆರು ತಿಂಗಳಲ್ಲಿ ಏನಾಯಿತು ಎಂದು ಕೇಳದೆ, ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದ ಮೇಲೆ ಏನಾಯಿತು ಎಂದು ಕೇಳಿ ನೋಡಿದರು. ಗಟ್ಟಿಯಾದ ಗುರುತೊಂದು ಸಿಕ್ಕಾಗ ದೋಷ ಕಡಿಮೆಯಾಯಿತು.

ನಮ್ಮ ಗುರುತುಗಳು ಮನೆಯಲ್ಲೇ ಇವೆ. ವರ್ಕ್‌ಶಾಪಿನವರ ಮಗಳು ತನ್ನ ಜಿಮೇಲ್ ಮಾಡಿಸಿದ್ದು ಸಿಇಟಿ ಅರ್ಜಿಗಾಗಿ ಎಂದಾದರೆ, ಸಿಇಟಿ ಪ್ರವೇಶಪತ್ರದ ವರ್ಷವೇ ವರ್ಷ. ಅರ್ಜಿಯ ಮುದ್ರಿತ ಪ್ರತಿಯ ಮೇಲಿನ ದಿನಾಂಕದಿಂದ ತಿಂಗಳೂ ಸಿಗುತ್ತದೆ. 2016ರ ನವೆಂಬರ್‌ನ ನೋಟು ರದ್ದತಿಗೆ ಮುಂಚೆಯೋ ಆಮೇಲೋ, 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಾಡಿದ್ದೋ ಎಂದು ಕೇಳಿಕೊಂಡರೂ ದಾರಿ ಕಾಣುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆಯವರ ಇನ್‌ಬಾಕ್ಸ್‌ನಲ್ಲಿ ಇರುವ, ಆ ವಿಳಾಸದಿಂದ ಬಂದ ಅತ್ಯಂತ ಹಳೆಯ ಪತ್ರ. ಖಾತೆ ಅದಕ್ಕಿಂತ ಈಚೆಗೆ ತೆರೆದದ್ದಾಗಿರಲು ಸಾಧ್ಯವಿಲ್ಲ.

ಹಾಳೆ ತುಂಬಿದ ಮೇಲೆ ಎಲ್ಲಿ ಕೂತು ಕಳಿಸುತ್ತೀರಿ ಎಂಬುದೂ ಸಾಕ್ಷಿಯೇ. ಖಾತೆಯನ್ನು ಸದಾ ತೆರೆಯುತ್ತಿದ್ದ ಅದೇ ಕಂಪ್ಯೂಟರು, ಅದೇ ಬ್ರೌಸರು, ಅದೇ ಅಂಗಡಿಯ ವೈಫೈ ಇರಬೇಕು. ಹೊಸ ಸೈಬರ್ ಸೆಂಟರ್‌ಗೆ ಹೋಗಿ ತುಂಬಿಸಿದರೆ ಅರ್ಜಿ ಅಪರಿಚಿತನದ್ದಾಗಿ ಕಾಣುತ್ತದೆ, ಜತೆಗೆ ನಿಮ್ಮ ಹಳೆಯ ಪಾಸ್‌ವರ್ಡ್‌ಗಳೆಲ್ಲ ಇನ್ನೊಬ್ಬರ ಕಣ್ಣಿಗೆ ಬೀಳುತ್ತವೆ. ಖಚಿತವಿಲ್ಲದ ಕಡೆ ಊಹೆ ಬರೆಯಿರಿ. ತಪ್ಪು ಉತ್ತರದಿಂದ ಹಾನಿಯಿಲ್ಲ ಎಂದು ಮೈಕ್ರೋಸಾಫ್ಟೇ ಹೇಳುತ್ತದೆ. ಉತ್ತರ ಬರುವುದು ನೀವು ಕೊಟ್ಟ ಬೇರೊಂದು ವಿಳಾಸಕ್ಕೆ, ಸಾಮಾನ್ಯವಾಗಿ 24 ಗಂಟೆಯೊಳಗೆ. ಆಗದಿದ್ದರೆ ದಿನಕ್ಕೆ ಎರಡು ಸಲದವರೆಗೆ ಮತ್ತೆ ಕಳಿಸಬಹುದು, ಆದರೆ ಹಾಳೆಗೆ ಹೊಸ ಸಾಲೊಂದು ಸೇರದೆ ಕಳಿಸಿ ಫಲವಿಲ್ಲ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡಿದ್ದವರಿಗೆ ಮಾತ್ರ ಈ ಫಾರ್ಮ್ ನಡೆಯುವುದಿಲ್ಲ. ಅಂಥವರು ಹಾಳೆ ಬಿಟ್ಟು, ಆಗ ಬರೆದಿಟ್ಟ ರಿಕವರಿ ಕೋಡ್ ಹುಡುಕಬೇಕು, ಇಲ್ಲವೇ ಬಂದ್ ಆದ ನಂಬರನ್ನು ಮೊಬೈಲ್ ಕಂಪನಿಯಿಂದ ಮತ್ತೆ ಪಡೆಯಲು ಸಾಧ್ಯವೇ ಎಂದು ವಿಚಾರಿಸಬೇಕು.