ಒಂದು ಅಂಕಿ, ಅರವತ್ತು ವರ್ಷ

ಶಿರಾಳಕೊಪ್ಪದ ಸಮೀಪದಲ್ಲಿ ಹೊಲಗದ್ದೆಗಳ ನಡುವೆ ಇರುವ ಬಳ್ಳಿಗಾವಿಗೆ ಇಂದು ಹೋದವರಿಗೆ, ಇದೊಂದು ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ ಮೆರೆದ ನಗರವೆಂದರೆ ನಂಬಿಕೆ ಬರುವುದು ಕಷ್ಟ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನು ಬಿಟ್ಟರೆ ಅಂದಿನ ವೈಭವಕ್ಕೆ ಉಳಿದಿರುವ ಸಾಕ್ಷಿಯೆಲ್ಲ ಕಲ್ಲಿನ ಮೇಲಿನ ಬರಹವೇ. ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿದ್ದುದನ್ನೂ, ಅಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧಿಯೂ ದೊರೆಯುತ್ತಿದ್ದುದನ್ನೂ ನಾವು ತಿಳಿದದ್ದು ಕ್ರಿ.ಶ. 1162ರ ಶಾಸನದಿಂದ. ಚಾವುಂಡರಾಯನು ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ್ದು 1047ರಲ್ಲಿ ಎಂದು ಹೇಳುವಾಗಲೂ ನಾವು ನೆಚ್ಚಿರುವುದು ಶಾಸನದ ಅಂಕಿಯನ್ನೇ.

ಈ ಅಂಕಿಗಳು ಬಹುಮಂದಿಗೆ ತಲುಪುವುದು ನೇರವಾಗಿ ಕಲ್ಲಿನಿಂದಲ್ಲ. ಮೈಸೂರು ಸಂಸ್ಥಾನದ ಪ್ರಾಚ್ಯ ಸಂಶೋಧನೆಯ ನಿರ್ದೇಶಕರಾಗಿದ್ದ ಬಿ. ಎಲ್. ರೈಸರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದರು. ಹಿಂದೆ ಆ ದಪ್ಪ ಸಂಪುಟವನ್ನು ಕಾಣಬೇಕಾದರೆ ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕಾಗಿತ್ತು. ಈಗ ಅದರ ಪುಟಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಎಲ್ಲರಿಗೂ ದೊರೆಯುವಂತೆ ಇಟ್ಟಿದ್ದಾರೆ. ಪುಟದ ಚಿತ್ರದ ಜೊತೆಗೆ, ಅಕ್ಷರಗಳನ್ನು ಯಂತ್ರವೇ ಗುರುತಿಸಿ ಬರೆದುಕೊಂಡ ಪಾಠವೂ ಇರುತ್ತದೆ. ಬೇಕಾದ ಪದವನ್ನು ಹುಡುಕಬಹುದು; ಬೇಕಾದ ಸಾಲನ್ನು ತೆಗೆದು ತನ್ನ ಬರಹಕ್ಕೆ ಅಂಟಿಸಿಕೊಳ್ಳಬಹುದು. ಎಡವಟ್ಟು ಆರಂಭವಾಗುವುದು ಇಲ್ಲಿಯೇ.

ಅಕ್ಷರ ಗುರುತಿಸುವ ಈ ವಿದ್ಯೆಗೆ ಓ.ಸಿ.ಆರ್. ಎಂದು ಹೆಸರು. ಯಂತ್ರವು ಪುಟವನ್ನು ಸಾಲುಗಳಾಗಿಯೂ ಸಾಲನ್ನು ಗುರುತುಗಳಾಗಿಯೂ ಬಿಡಿಸಿ, ಪ್ರತಿಯೊಂದು ಗುರುತಿನ ಆಕಾರವು ಯಾವ ಅಕ್ಷರವನ್ನು ಹೆಚ್ಚಾಗಿ ಹೋಲುತ್ತದೆಂದು ಊಹಿಸುತ್ತದೆ. ಪದವಾದರೆ ಈ ಊಹೆಗೆ ನೆರವು ಉಂಟು. ಮಸಿ ಹರಡಿ ಒಂದಕ್ಷರ ಕೆಟ್ಟಿದ್ದರೂ ಅಕ್ಕಪಕ್ಕದ ಅಕ್ಷರಗಳು ಕೈಹಿಡಿಯುತ್ತವೆ. ಯಂತ್ರ ತಪ್ಪಿದರೂ ಓದುವವನ ಕಣ್ಣಿಗೆ ಆ ತಪ್ಪು ಕೂಡಲೇ ಚುಚ್ಚುತ್ತದೆ. ಅಂಕಿಗೆ ಅಂಥ ನೆರೆಹೊರೆಯ ನೆರವಿಲ್ಲ. 1084 ಎಂಬುದನ್ನು 1034 ಎಂದು ಓದಿದರೆ ಎರಡೂ ಅಂದವಾದ ಸಂಖ್ಯೆಗಳೇ. ತಪ್ಪಿದ ಪದ ತಪ್ಪಿದಂತೆ ಕಾಣುತ್ತದೆ, ತಪ್ಪಿದ ಅಂಕಿ ಸರಿಯಾದುದರಂತೆಯೇ ಕಾಣುತ್ತದೆ.

ಇಂಗ್ಲಿಷ್ ಅಚ್ಚಿನಲ್ಲಿ 3, 8 ಒಂದರೊಡನೊಂದು ಬೆರೆಯುತ್ತವೆ; 1 ಎಂಬ ಅಂಕಿ ಎಲ್ ಅಕ್ಷರವಾಗುತ್ತದೆ; 0 ಎಂಬುದು ಓ ಆಗುತ್ತದೆ. ಕನ್ನಡದಲ್ಲಿ ತೊಡಕು ಮತ್ತಷ್ಟು. ನಮ್ಮ ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ. ನಮ್ಮ ಒಂಬತ್ತೂ ಅರ್ಕಾವೊತ್ತೂ ನೋಡಲು ಅವಳಿಜವಳಿ. ಎರಡಕ್ಕೂ ಮೂರಕ್ಕೂ ಇರುವ ಅಂತರ ಬಾಲದ ಒಂದು ಕೊಂಕು ಮಾತ್ರ. ಹಳೆಯ ಅಚ್ಚಿನ ಮೊಳೆ ಸವೆದಿದ್ದರೆ ಆ ಕೊಂಕೂ ಉಳಿದಿರುವುದಿಲ್ಲ.

ರೈಸರ ಸಂಪುಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೇದಿ ಖಚಿತವಲ್ಲದ ಶಾಸನಗಳಿಗೆ ಅವರು ವರ್ಷದ ಹಿಂದೆ ಪ್ರಶ್ನಾರ್ಥಕ ಚಿಹ್ನೆಯನ್ನೋ ‘ಸುಮಾರು’ ಎಂಬ ಅರ್ಥದ ಮಾತನ್ನೋ ಹಾಕುತ್ತಾರೆ. ಯಂತ್ರವು ಆ ಚಿಹ್ನೆಯನ್ನು ಧೂಳಿನ ಚುಕ್ಕೆಯೆಂದು ಬಿಟ್ಟುಬಿಟ್ಟರೆ, ವಿದ್ವಾಂಸರ ಅನುಮಾನವು ಒಂದೇ ಕ್ಷಣದಲ್ಲಿ ನಿಶ್ಚಯವಾಗಿ ಮಾರ್ಪಡುತ್ತದೆ. ಅಂಕಿ ಒಂದಿಷ್ಟೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅದರ ಅರ್ಥ.

ಹಾಗಾದರೆ ತಪ್ಪನ್ನು ಕಂಡುಹಿಡಿಯುವುದು ಹೇಗೆ? ತೇದಿಗಳ ಮಟ್ಟಿಗೆ ನಮ್ಮ ಹಿಂದಿನವರೇ ಒಂದು ಕಾವಲನ್ನು ಇಟ್ಟುಹೋಗಿದ್ದಾರೆ. ಶಾಸನವು ಸಾಮಾನ್ಯವಾಗಿ ಶಕವರ್ಷದ ಸಂಖ್ಯೆಯೊಡನೆ ಸಂವತ್ಸರದ ಹೆಸರನ್ನೂ ಹೇಳುತ್ತದೆ. ಸಂಖ್ಯೆ ಅಂಕಿಯಲ್ಲಿದ್ದರೂ ಹೆಸರು ಅಕ್ಷರಗಳಲ್ಲಿದೆ. ಯಂತ್ರ ಎರಡನ್ನೂ ಒಂದೇ ಬಗೆಯಲ್ಲಿ ಕೆಡಿಸುವುದು ಅಪರೂಪ. ಲೆಕ್ಕ ಸುಲಭವಾದದ್ದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಬರುವ ಶೇಷವೇ ಪ್ರಭವಾದಿಯಾಗಿ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. 1987ರ ಯುಗಾದಿಗೆ ಆರಂಭವಾದದ್ದು ಶಕ 1909. ಅದಕ್ಕೆ 12 ಸೇರಿಸಿದರೆ 1921, ಶೇಷ 1. ಆ ವರ್ಷ ಪ್ರಭವವೇ ಆಗಿತ್ತೆಂದು ಮನೆಯ ಹಿರಿಯರು ನೆನೆಯಬಲ್ಲರು. ಗಂಡಭೇರುಂಡ ಸ್ತಂಭದ 1047ಕ್ಕೆ ಶಕ 969; 12 ಕೂಡಿಸಿದರೆ 981, ಶೇಷ 21, ಎಂದರೆ ಸರ್ವಜಿತು.

ಕೋಡಿಯ ಮಠದ ಕಾಲದ ಒಂದು ಶಾಸನವನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಅದರಲ್ಲಿ ಶಕವರ್ಷ 1084, ಚಿತ್ರಭಾನು ಸಂವತ್ಸರ, ಕಳಚುರ್ಯ ಬಿಜ್ಜಳನ ಆಳ್ವಿಕೆ ಎಂದಿದೆಯೆನ್ನಿ. 1084ಕ್ಕೆ 12 ಸೇರಿಸಿದರೆ 1096; ಶೇಷ 16, ಚಿತ್ರಭಾನು. ಕ್ರಿಸ್ತಶಕಕ್ಕೆ ತಂದರೆ 1162. ಎಲ್ಲವೂ ಹೊಂದಿತು. ಯಂತ್ರವು ಎಂಟನ್ನು ಮೂರೆಂದು ಓದಿ 1034 ಎಂದು ಕೊಟ್ಟರೆ ವರ್ಷ 1112 ಆಗುತ್ತದೆ. ಶೇಷ 26 ಬಂದು ಸಂವತ್ಸರ ನಂದನವಾಗುತ್ತದೆ. ಪಕ್ಕದಲ್ಲೇ ಚಿತ್ರಭಾನು ಎಂದು ಇರುವುದರಿಂದ ಕಳ್ಳ ಸಿಕ್ಕಿಬಿದ್ದ. ಸಿಕ್ಕದಿದ್ದರೆ ಆಗುತ್ತಿದ್ದುದೇನು? ಬಿಜ್ಜಳನ ಕಾಲದ ದತ್ತಿಯು ಐವತ್ತು ವರ್ಷ ಹಿಂದಕ್ಕೆ ಸರಿದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಸೇರುತ್ತಿತ್ತು. ಆಮೇಲೆ ಅದೇ ವರ್ಷ ಪ್ರವಾಸಿಗರ ಕೈಪಿಡಿಗೂ, ಅಲ್ಲಿಂದ ಮಕ್ಕಳ ಪಾಠಕ್ಕೂ ಇಳಿಯಬಹುದಾಗಿತ್ತು.

ಆದರೆ ಈ ಕಾವಲುಗಾರನಿಗೂ ಕುರುಡುತಾಣವಿದೆ. ಅದೇ ಎಂಟು ಎರಡಾಗಿ 1024 ಎಂದು ಬಂದಿತೆನ್ನೋಣ. 12 ಕೂಡಿಸಿದರೆ 1036. ಶೇಷ ಪುನಃ 16, ಸಂವತ್ಸರ ಪುನಃ ಚಿತ್ರಭಾನು! ತಪ್ಪು ಸರಿಯಾಗಿ ಅರವತ್ತು ವರ್ಷದ್ದಾದುದರಿಂದ ಚಕ್ರವು ಒಂದು ಸುತ್ತು ಬಂದು ಅಲ್ಲಿಗೇ ನಿಂತಿದೆ. ಇಲ್ಲಿ ಹಿಡಿಯಬಲ್ಲದ್ದು ರಾಜನ ಹೆಸರು ಮಾತ್ರ. ಶಕ 1024 ಎಂದರೆ ಕ್ರಿ.ಶ. 1102, ಬಿಜ್ಜಳನು ಪಟ್ಟಕ್ಕೆ ಬರುವುದಕ್ಕೆ ಅರ್ಧ ಶತಮಾನ ಮುಂಚೆ.

ಒಂದು ವರ್ಷದ ವ್ಯತ್ಯಾಸವಂತೂ ಇನ್ನೂ ಕಠಿನ. ಕೆಲವು ಶಾಸನಗಳು ಕಳೆದ ವರ್ಷಗಳನ್ನು ಎಣಿಸಿದರೆ ಕೆಲವು ನಡೆಯುತ್ತಿರುವ ವರ್ಷವನ್ನು ಎಣಿಸುತ್ತವೆ. ಆದುದರಿಂದ 1085 ಎಂದೂ ಚಿತ್ರಭಾನು ಎಂದೂ ಒಟ್ಟಿಗೆ ಕಂಡರೆ ಅದು ಯಂತ್ರದ ತಪ್ಪೋ, ಶಾಸನವನ್ನು ಬರೆಯಿಸಿದವನ ಎಣಿಕೆಯ ಕ್ರಮವೋ ಎಂದು ಕುಳಿತಲ್ಲೇ ತೀರ್ಮಾನಿಸಲಾಗದು. ಇಂಥಲ್ಲಿ ಸಂಖ್ಯೆಯನ್ನು ತಾನೇ ‘ತಿದ್ದಿ’ಬಿಡುವ ಜಾಣರೂ ಉಂಟು, ಅವರು ಯಂತ್ರಕ್ಕಿಂತ ಅಪಾಯಕಾರಿಗಳು. ಪುಟವನ್ನು ತೆರೆದು ನೋಡುವುದೊಂದೇ ದಾರಿ.

ದಾನದ ವಿವರಗಳಿಗೆ ಇಷ್ಟು ಕಾವಲೂ ಇಲ್ಲ. ಇಂತಿಷ್ಟು ಮತ್ತರು ಗದ್ದೆ, ಇಂತಿಷ್ಟು ಗದ್ಯಾಣ ಹೊನ್ನು ಎಂದು ಶಾಸನ ಹೇಳುತ್ತದೆ. ಹನ್ನೆರಡು ಮತ್ತರಿನ ಪಕ್ಕದಲ್ಲಿ ಮೇಲಕ್ಕೆ ಕಿರಿದಾಗಿ ಅಚ್ಚಾದ ಅಡಿಟಿಪ್ಪಣಿಯ 3 ಇದ್ದರೆ, ಯಂತ್ರ ಎರಡನ್ನೂ ಕೂಡಿಸಿ ನೂರ ಇಪ್ಪತ್ತಮೂರು ಮತ್ತರು ಮಾಡಿಬಿಡಬಹುದು. ಬಡ ದತ್ತಿಯೊಂದು ಎವೆಯಿಕ್ಕುವುದರೊಳಗೆ ಭಾರೀ ಜಹಗೀರಾಗುತ್ತದೆ. ಮತ್ತರನ್ನು ಅಳೆದ ಗಳೆಯೂ ಊರಿಂದೂರಿಗೆ ಬೇರೆ. ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಶಾಸನಗಳಲ್ಲಿ ಬರುತ್ತದೆ. ಹೀಗಿರುವಾಗ ‘ಇಷ್ಟು ಮತ್ತರು ಅತಿಯಾಯಿತು’ ಎಂದು ಊಹೆಯಿಂದ ಶಂಕಿಸುವುದೂ ಸುಲಭವಲ್ಲ.

ಇಲ್ಲಿ ರೈಸರ ಸಂಪುಟದ ರಚನೆಯೇ ಸಹಾಯಕ್ಕೆ ಬರುತ್ತದೆ. ಅದರಲ್ಲಿ ಒಂದೇ ಶಾಸನ ಮೂರು ಕಡೆ ಅಚ್ಚಾಗಿದೆ: ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ. ಅನುವಾದದಲ್ಲಿ ಎಷ್ಟೋ ವೇಳೆ ತೇದಿಯನ್ನೇ ಬಿಟ್ಟು ‘ಮೇಲೆ ಹೇಳಿದ ದಿನ’ ಎಂಬ ಅರ್ಥದ ಮಾತನ್ನಷ್ಟೇ ಹಾಕಿರುವುದರಿಂದ, ಅನುವಾದವೊಂದನ್ನೇ ನೆಚ್ಚಿದವನಿಗೆ ಶಕವರ್ಷವೂ ಸಂವತ್ಸರವೂ ಕೈಗೆ ಸಿಕ್ಕುವುದಿಲ್ಲ. ಮೂಲಪಾಠದಲ್ಲಿ ಸಂಖ್ಯೆಯನ್ನು ಪನ್ನೆರಡು, ಅಯ್ವತ್ತು ಎಂದು ಮಾತಿನಲ್ಲಿ ಬರೆದಿದ್ದರಂತೂ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೊಂದಿಲ್ಲ. ಮೂರು ಲಿಪಿಗಳಲ್ಲಿ ಯಂತ್ರ ಮಾಡುವ ತಪ್ಪುಗಳು ಮೂರು ಬಗೆಯವು. ಮೂರೂ ಕಡೆ ಅದೇ ಸಂಖ್ಯೆ ಬಂದರೆ ಅಚ್ಚಾದದ್ದು ಅದೇ ಎಂದು ಧೈರ್ಯ ತಾಳಬಹುದು.

ಅನುಭವಿಗಳ ಕ್ರಮ ಹೀಗಿರುತ್ತದೆ. ಹುಡುಕುವುದಕ್ಕೆ ಯಂತ್ರದ ಪಾಠ. ಬರೆದುಕೊಳ್ಳುವುದಕ್ಕೆ ಪುಟದ ಚಿತ್ರ. ಚಿತ್ರವನ್ನು ಹಿಗ್ಗಿಸಿ, ಸಂದೇಹದ ಅಂಕಿಯನ್ನು ಅದೇ ಪುಟದಲ್ಲಿ ಚೆನ್ನಾಗಿ ಅಚ್ಚಾಗಿರುವ ಮತ್ತೊಂದು 3ರೊಡನೆ, ಮತ್ತೊಂದು 8ರೊಡನೆ ಹೋಲಿಸುತ್ತಾರೆ. ಶಾಸನದ ಸಂಖ್ಯೆಯನ್ನೂ ಅಚ್ಚಾದ ಪುಟದ ಸಂಖ್ಯೆಯನ್ನೂ ಅಂಕಿಯ ಪಕ್ಕದಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ಕಂಪ್ಯೂಟರು ತೋರಿಸುವ ಪುಟಸಂಖ್ಯೆ ರಕ್ಷಾಪತ್ರದಿಂದ ಎಣಿಸಿದ್ದು; ಅದನ್ನು ಬರೆದಿಟ್ಟರೆ ನಾಳೆ ಪುಸ್ತಕದಲ್ಲಿ ಹುಡುಕುವವನಿಗೆ ಏನೂ ಸಿಕ್ಕುವುದಿಲ್ಲ. ಅಂಕಿಗಳು ಬಹಳವಿದ್ದರೆ ಒಬ್ಬರು ಚಿತ್ರವನ್ನು ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಬರೆದುಕೊಂಡದ್ದರಲ್ಲಿ ಗುರುತಿಸುವುದು—ಅಚ್ಚುಕೂಟದ ಕರಡು ತಿದ್ದುವವರ ಹಳೆಯ ಪದ್ಧತಿ—ಇಂದಿಗೂ ಒಳ್ಳೆಯದೇ. ಒಬ್ಬನೇ ಎರಡನ್ನೂ ನೋಡಿದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ.

ಇನ್ನು ಪುಟದ ಚಿತ್ರವಾದರೂ ಸುಳ್ಳು ಹೇಳದೆಂದು ನಂಬಬಹುದೆ? ಬಹುಮಟ್ಟಿಗೆ ನಂಬಬಹುದು. ಆದರೆ 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞರು ಬೆಳಕಿಗೆ ತಂದ ಪ್ರಸಂಗವೊಂದಿದೆ. ಮನೆಯ ನಕ್ಷೆಯೊಂದನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ 14.13, 21.11, 17.42 ಚದರ ಮೀಟರುಗಳೆಂದು ಬರೆದಿದ್ದ ಮೂರು ಕೋಣೆಗಳಿಗೂ 14.13 ಎಂದೇ ಬಂದಿತ್ತು! ಅಲ್ಲಿ ಅಕ್ಷರ ಗುರುತಿಸುವ ಕೆಲಸವೇ ನಡೆದಿರಲಿಲ್ಲ. ಚಿತ್ರದ ಗಾತ್ರವನ್ನು ಕುಗ್ಗಿಸಲೆಂದು ಯಂತ್ರವು ಒಂದನ್ನೊಂದು ಹೋಲುವ ತುಣುಕುಗಳಿಗೆಲ್ಲ ಒಂದೇ ತುಣುಕನ್ನು ಇಟ್ಟುಕೊಂಡು, ಉಳಿದ ಕಡೆಗಳಲ್ಲಿ ಅದನ್ನೇ ಅಂಟಿಸಿತ್ತು. ಅಂಟಿಸಿದ ಅಂಕಿ ಮಸುಕಾಗಿಯೂ ಇರಲಿಲ್ಲ. ಸ್ಫುಟವಾಗಿ, ತಪ್ಪಾಗಿ ನಿಂತಿತ್ತು. ಕಂಪನಿಯು ಆಮೇಲೆ ತಿದ್ದುಪಡಿಯನ್ನು ಒದಗಿಸಿತು. ಆದರೆ ಅದಕ್ಕೆ ಮುಂಚೆ ಅಂಥ ಯಂತ್ರಗಳಲ್ಲಿ ಹಾದುಹೋದ ಕಾಗದಗಳ ಮೂಲವನ್ನು ಯಾರಾದರೂ ನಾಶಮಾಡಿದ್ದರೆ, ಇನ್ನು ಹೋಲಿಸಿ ನೋಡಲು ಏನೂ ಉಳಿದಿಲ್ಲ.

ಬಳ್ಳಿಗಾವಿಯ ಮಟ್ಟಿಗೆ ಆ ಭಯ ಕಡಮೆ. ಸಂಪುಟದ ಅಚ್ಚಿನ ಪ್ರತಿಗಳು ಗ್ರಂಥಾಲಯಗಳಲ್ಲಿ ಇವೆ. ಅಚ್ಚಿನಲ್ಲೇ ತಪ್ಪಿರಬಹುದೆಂಬ ಶಂಕೆ ಬಂದವನು ಶಿಕಾರಿಪುರದ ಬಸ್ಸು ಹಿಡಿದು ಬಳ್ಳಿಗಾವಿಗೆ ಹೋಗಬಹುದು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಕಲ್ಲಿನ ಅಕ್ಷರ ಕಾಣದು. ಬೆಳಗ್ಗೆಯೋ ಸಂಜೆಯೋ ಓರೆಯಾಗಿ ಬೆಳಕು ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಂಕಿ ಎದ್ದು ಕಾಣುತ್ತದೆ.