ಬಾಡಿಗೆ ಕರಾರಿನ ಫೋಟೋ: ಓದಿ ಹೇಳಬಹುದಾದದ್ದು, ಹೇಳಲಾಗದ್ದು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಕರಾರು ಪತ್ರದ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಕಾನೂನು ಬಲ್ಲ ಪರಿಚಯದವರಿಗೆ ವಾಟ್ಸ್ಆ್ಯಪ್ ಮಾಡಿ, 'ಇದು ಸರಿ ಇದೆಯಾ, ಸ್ವಲ್ಪ ನೋಡಿ' ಎಂದು ಕೇಳುವುದು ಸಾಮಾನ್ಯ. ಈ ಒಂದು ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿರುತ್ತವೆ. ಪತ್ರ ಕಾನೂನಿನ ಪ್ರಕಾರ ಇದೆಯೇ? ಅದರ ಷರತ್ತುಗಳು ಬಾಡಿಗೆದಾರರಿಗೆ ಹೊಂದುತ್ತವೆಯೇ? ಅಡ್ವಾನ್ಸ್ ಕೊಟ್ಟರೆ ಆ ಹಣ ವಾಪಸು ಬರುತ್ತದೆಯೇ? ಮೊದಲನೆಯದಕ್ಕೆ ಫೋಟೋ ನೋಡಿ ಒಂದಷ್ಟು ಉತ್ತರ ಹೇಳಬಹುದು. ಎರಡನೆಯದನ್ನು ಹೇಳಲು ಕೇಳಿದವರ ಪರಿಸ್ಥಿತಿ ತಿಳಿದಿರಬೇಕು. ಮೂರನೆಯದಕ್ಕೆ ಬೇಕಾದ ಮಾಹಿತಿ ಬಹುಪಾಲು ಆ ಕಾಗದದಲ್ಲಿ ಇರುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡಬಹುದು. ಎರಡು ಬೆಡ್‌ರೂಮಿನ ಮನೆ, ತಿಂಗಳ ಬಾಡಿಗೆ 25,000 ರೂಪಾಯಿ, ಅಡ್ವಾನ್ಸ್ 1,50,000 ರೂಪಾಯಿ, ಅವಧಿ 11 ತಿಂಗಳು. ಕೈಗೆ ಬಂದಿರುವುದು ನಾಲ್ಕು ಫೋಟೋ. ಓದುವವರು ಮೊದಲು ನೋಡಬೇಕಾದದ್ದು ಷರತ್ತುಗಳ ಒಕ್ಕಣೆಯನ್ನಲ್ಲ, ಪುಟಗಳೆಲ್ಲ ಬಂದಿವೆಯೇ ಎಂಬುದನ್ನು. ಮೂರನೇ ಫೋಟೋ 8ನೇ ಷರತ್ತಿಗೆ ಮುಗಿದು ನಾಲ್ಕನೆಯದು 12ರಿಂದ ಶುರುವಾದರೆ ನಡುವೆ ಒಂದು ಪುಟ ಬಿಟ್ಟುಹೋಗಿದೆ. 'ಕೆಳಗಿನ ಷೆಡ್ಯೂಲಿನಲ್ಲಿ ವಿವರಿಸಿದ ಮನೆ' ಎಂದು ಪತ್ರ ಹೇಳಿ, ಷೆಡ್ಯೂಲ್ ಎಲ್ಲೂ ಕಾಣದಿದ್ದರೆ ಬಾಡಿಗೆಗೆ ಕೊಡುತ್ತಿರುವುದು ಯಾವ ಮನೆ, ಎಷ್ಟನೇ ಮಹಡಿ, ಜೊತೆಗೆ ಪಾರ್ಕಿಂಗ್ ಉಂಟೋ ಇಲ್ಲವೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಫ್ಯಾನು, ಗೀಸರು, ವಾರ್ಡ್‌ರೋಬುಗಳ ಪಟ್ಟಿಯೂ ಸಾಮಾನ್ಯವಾಗಿ ಕೊನೆಯ ಪುಟದಲ್ಲೇ ಇರುತ್ತದೆ. ಮನೆ ಬಿಡುವಾಗ ಏನು ಹಾಳಾಗಿದೆ ಎಂದು ಲೆಕ್ಕ ಹಾಕುವುದು ಆ ಪಟ್ಟಿಯಿಂದ.

ಬಿಟ್ಟುಹೋದ ಪುಟ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಇದೇ ಉದಾಹರಣೆ ತೋರಿಸುತ್ತದೆ. ಫೋಟೋದಲ್ಲಿ ಕಾಣುವ 7ನೇ ಷರತ್ತು, ಆರು ತಿಂಗಳ ಒಳಗೆ ಮನೆ ಖಾಲಿ ಮಾಡಿದರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು ಎನ್ನುತ್ತದೆ. ಎರಡು ತಿಂಗಳ ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕರಾರು ಮುಗಿಸಬಹುದು ಎಂಬ ಮಾತು ಕಾಣದ 10ನೇ ಷರತ್ತಿನಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ನಾಲ್ಕನೇ ತಿಂಗಳಲ್ಲಿ ವರ್ಗವಾಗಿ ಹೋಗುವ ಬಾಡಿಗೆದಾರ ಎರಡು ತಿಂಗಳ ಬಾಡಿಗೆಗೆ, ಅಂದರೆ 50,000 ರೂಪಾಯಿಗೆ ಪಾರಾಗುತ್ತೇನೆಂದು ವಾದಿಸಲು ದಾರಿ ಇದೆ. ಇಲ್ಲದಿದ್ದರೆ ಮಾಲೀಕರು ಒಂದೂವರೆ ಲಕ್ಷವನ್ನೂ ಹಿಡಿದುಕೊಳ್ಳಲು ನೋಡುತ್ತಾರೆ. ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಂ ಪ್ರಕಾರ, ಪತ್ರದಲ್ಲಿ ದಂಡದ ಮೊತ್ತ ನಮೂದಾಗಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತವನ್ನು ಮೀರದ ಸೂಕ್ತ ಪರಿಹಾರವನ್ನಷ್ಟೇ. ಆದರೆ ಹಣ ಮಾಲೀಕರ ಕೈಯಲ್ಲಿರುವುದರಿಂದ ಕೋರ್ಟಿಗೆ ಅಲೆಯುವ ಪಾಳಿ ಬಾಡಿಗೆದಾರರದ್ದಾಗುತ್ತದೆ.

ಪುಟಗಳೆಲ್ಲ ಇದ್ದರೂ ಫೋಟೋಗೆ ತನ್ನದೇ ಮಿತಿಗಳಿವೆ. ಓರೆಯಾಗಿ ತೆಗೆದ ಚಿತ್ರದಲ್ಲಿ ಅಂಚು ಕತ್ತರಿಸಿಹೋಗಿ, ಸಾಲಿನ ಕೊನೆಯ ಪದ ಮಾಯವಾಗುತ್ತದೆ. ಆ ಪದ 'ಇಲ್ಲ' ಎಂಬುದಾಗಿದ್ದರೆ ಅರ್ಥವೇ ತಿರುಗಿಬೀಳುತ್ತದೆ. ಮಸುಕಾದ ಅಂಕಿಯಲ್ಲಿ 5 ಯಾವುದು, 8 ಯಾವುದು ತಿಳಿಯದು. ಅಂಥಲ್ಲಿ ಅಕ್ಷರದಲ್ಲಿ ಬರೆದ ಮೊತ್ತವನ್ನು ನೋಡಬೇಕು. ಪೆನ್ನಿನಲ್ಲಿ ತಿದ್ದಿದ ಅಥವಾ ಸೇರಿಸಿದ ಮಾತಿನ ಪಕ್ಕ ಇಬ್ಬರ ಕಿರುಸಹಿಯೂ ಇರಬೇಕು. ಇನ್ನು ಖಾಲಿ ಬಿಟ್ಟ ಜಾಗಗಳು. 'ವರ್ಷಕ್ಕೆ ಶೇಕಡಾ ___ ಏರಿಕೆ' ಎಂದಿರುವ ಪತ್ರ ಇನ್ನೂ ಮುಗಿದಿಲ್ಲ. ಆ ಜಾಗ ತುಂಬುವವರೆಗೂ ಅದು ಸರಿಯೋ ತಪ್ಪೋ ಎಂದು ಯಾರೂ ಹೇಳಲಾರರು.

ಇ-ಸ್ಟಾಂಪ್ ಪುಟವನ್ನು ಎರಡು ಹಂತದಲ್ಲಿ ನೋಡಬೇಕಾಗುತ್ತದೆ. ಅದರ ಮೇಲಿರುವ ಇಬ್ಬರ ಹೆಸರು, ದಿನಾಂಕ, ಪಾವತಿಸಿದ ಮೊತ್ತಗಳು ಕರಾರಿನ ಜೊತೆ ತಾಳೆಯಾಗುತ್ತವೆಯೇ ಎಂಬುದು ಫೋಟೋದಲ್ಲೇ ಗೊತ್ತಾಗುತ್ತದೆ. ಆ ಸ್ಟಾಂಪ್ ಅಸಲಿಯೇ ಎಂಬುದು ಮಾತ್ರ ಅದರ ಪ್ರಮಾಣಪತ್ರ ಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಿದಾಗಲೇ ಖಚಿತ. ಸಾಕಷ್ಟು ಶುಲ್ಕ ಕಟ್ಟದ ಪತ್ರವನ್ನು ಕರ್ನಾಟಕ ಸ್ಟಾಂಪ್ ಕಾಯ್ದೆ, 1957ರ 34ನೇ ಕಲಂ ಅಡಿಯಲ್ಲಿ, ಬಾಕಿ ಮತ್ತು ದಂಡ ಕಟ್ಟುವವರೆಗೆ, ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಅವಧಿಯ ವಿಷಯ ಫೋಟೋದಿಂದ ಸ್ಪಷ್ಟವಾಗಿ ಹೇಳಬಹುದಾದವುಗಳಲ್ಲಿ ಒಂದು. ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಣಿ ಕಾಯ್ದೆ, 1908ರ 17ನೇ ಕಲಂ ಪ್ರಕಾರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಕರಾರುಗಳು 11 ತಿಂಗಳಿಗೆ ನಿಲ್ಲುವುದು ಇದಕ್ಕಾಗಿಯೇ. ಆದ್ದರಿಂದ ಬಾಡಿಗೆಯ ಬದಲು ಹತ್ತಾರು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷಕ್ಕೆ ಮನೆ ಹಿಡಿಯುವ ಭೋಗ್ಯದ ಪತ್ರ ಬರೀ ನೋಟರಿ ಮುದ್ರೆಯಲ್ಲಿ ಮುಗಿದಿದ್ದರೆ, ಮಿಕ್ಕ ಷರತ್ತುಗಳನ್ನು ಓದುವ ಮೊದಲೇ 'ಸರಿ ಇಲ್ಲ' ಎನ್ನಬಹುದು.

ಕಾಗದದ ಹೊರಗಿರುವ ಸಂಗತಿಗಳದ್ದು ಇನ್ನೂ ದೊಡ್ಡ ಮಿತಿ. ಮಾಲೀಕ ಎಂದು ಸಹಿ ಮಾಡುವವರು ನಿಜಕ್ಕೂ ಮಾಲೀಕರೇ ಎಂಬುದನ್ನು ಕರಾರು ಪತ್ರ ಸಾಬೀತು ಮಾಡುವುದಿಲ್ಲ, ಅದು ಅವರೇ ಹೇಳಿಕೊಂಡ ಮಾತು. ಅದಕ್ಕೆ ಖಾತೆ, ಇತ್ತೀಚಿನ ತೆರಿಗೆ ರಸೀದಿ, ಕರೆಂಟ್ ಬಿಲ್ಲುಗಳ ಹೆಸರನ್ನು ಗುರುತಿನ ಚೀಟಿಯ ಹೆಸರಿನೊಂದಿಗೆ ಹೋಲಿಸಬೇಕು. ಬೇರೆಯವರ ಪರವಾಗಿ ಸಹಿ ಮಾಡುತ್ತಿದ್ದರೆ ಅಧಿಕಾರಪತ್ರವನ್ನು ತೋರಿಸುವಂತೆ ಕೇಳಬೇಕು. ಅಡ್ವಾನ್ಸ್ ದೊಡ್ಡದಾಗಿದ್ದರೆ, ಅದರಲ್ಲೂ ಭೋಗ್ಯವಾಗಿದ್ದರೆ, ಮನೆಯ ಮೇಲೆ ನೋಂದಾಯಿತ ಅಡಮಾನ ಇದೆಯೇ ಎಂದು ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡಬೇಕು.

ಬಾಯಿಮಾತಿನ ಭರವಸೆಗಳೂ ಫೋಟೋದಲ್ಲಿ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಇದೆ. ಉದಾಹರಣೆಯ ಪತ್ರದಲ್ಲಿ 'ಪೇಂಟಿಂಗ್ ಮತ್ತು ಹಾನಿಯ ಖರ್ಚನ್ನು ಮಾಲೀಕರು ತೀರ್ಮಾನಿಸಿದಂತೆ ಕಳೆಯತಕ್ಕದ್ದು' ಎಂದಿದೆ, ಅದಕ್ಕೆ ಮಿತಿ ಹಾಕಿಲ್ಲ. 'ಪೇಂಟಿಂಗಿಗೆ ಏನೂ ಹಿಡಿಯಲ್ಲ ಬಿಡಿ' ಎಂದು ಮಾಲೀಕರು ಎದುರಿಗೆ ಹೇಳಿರಬಹುದು. ಆದರೆ ಬರೆದ ಕರಾರಿಗೆ ವಿರುದ್ಧವಾದ ಬಾಯಿಮಾತನ್ನು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 95ನೇ ಕಲಂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಏನೇನು ಮಾತಾಗಿದೆ ಎಂದು ಓದುವವರು ಕೇಳಿ ತಿಳಿದು, ಅದೆಲ್ಲ ಪತ್ರದಲ್ಲಿ ಬಂದಿದೆಯೇ ಎಂದು ಹುಡುಕಬೇಕಾಗುತ್ತದೆ.

ಷರತ್ತು ಹೊಂದುತ್ತದೆಯೇ ಎಂಬುದೂ ಹೀಗೆಯೇ ಕೇಳಿ ತಿಳಿಯಬೇಕಾದ ವಿಷಯ. ಐದು ವರ್ಷ ಇರಬೇಕೆನ್ನುವ ಕುಟುಂಬಕ್ಕೆ ಆರು ತಿಂಗಳ ಲಾಕ್-ಇನ್ ಲೆಕ್ಕಕ್ಕೇ ಬರುವುದಿಲ್ಲ, ಏರಿಕೆಯ ಪ್ರಮಾಣ ಮುಖ್ಯ. ಯಾವಾಗ ಬೇಕಾದರೂ ವರ್ಗವಾಗುವ ನೌಕರರಿಗೆ ಲಾಕ್-ಇನ್ ಒಂದೇ ಇಡೀ ಪತ್ರವನ್ನು ಕೆಡಿಸುತ್ತದೆ.

ಹೀಗಾಗಿ ನಾಲ್ಕು ಫೋಟೋ ನೋಡಿ 'ಸರಿ ಇದೆ' ಎಂದಷ್ಟೇ ಹೇಳಿದರೆ, ನೋಡದ ಪುಟಕ್ಕೂ ಮಾಲೀಕತ್ವಕ್ಕೂ ಸೇರಿಸಿ ಒಪ್ಪಿಗೆ ಕೊಟ್ಟಂತಾಗುತ್ತದೆ. ಉದಾಹರಣೆಯ ಪತ್ರಕ್ಕೆ ಸರಿಯಾದ ಉತ್ತರ ಹೀಗಿರುತ್ತದೆ: 11 ತಿಂಗಳ ಅವಧಿಗೆ ಅಡ್ಡಿಯಿಲ್ಲ, 7ನೇ ಷರತ್ತಿನ ಮುಟ್ಟುಗೋಲನ್ನು ತಗ್ಗಿಸಿ, ಪೇಂಟಿಂಗ್ ಖರ್ಚಿಗೆ ಒಂದು ಮೊತ್ತ ಬರೆಸಬೇಕು, 9ರಿಂದ 11ರವರೆಗಿನ ಷರತ್ತುಗಳೂ ಷೆಡ್ಯೂಲೂ ಬಂದಿಲ್ಲ, ಕಳಿಸಬೇಕು, ಖಾತೆಯ ಹೆಸರು ನೋಡದೆ ಅಡ್ವಾನ್ಸ್ ಕೊಡಬಾರದು, ಕೊಡುವಾಗ ಮಾಲೀಕರ ಬ್ಯಾಂಕ್ ಖಾತೆಗೇ ಹಾಕಬೇಕು.